ಗಂಟಲು ನೋವಿಗೆ ಅರಿಶಿನ ಹಾಲು: ಯಾರು ಹುಷಾರಾಗಿರಬೇಕು?

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿನಲ್ಲಿ ಒಬ್ಬರು ಕೇಳಿದ್ದರು: "ಅಮ್ಮನಿಗೆ ಗಂಟಲು ನೋವು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೊಳ್ತಾರೆ. ಅರಿಶಿನ ಹಾಲು ಕೊಡಬಹುದಾ?"

ಮೊದಲು ಹಾಲಿನ ವಿಷಯ. ಒಂದು ಲೋಟ ಬಿಸಿ ಹಾಲಿಗೆ ಕಾಲು ಚಮಚ ಅರಿಶಿನ ಸಾಕು. ಬೆಚ್ಚಗಿನದು ಇಳಿದಾಗ ಒಣಗಿದ ಗಂಟಲಿಗೆ ಹಿತವಾಗುತ್ತದೆ, ಸುಖದ ಬಹುಪಾಲು ಅದರದ್ದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಅಂಶ ಮೈಗೆ ಹತ್ತುವುದು ತೀರಾ ಕಡಿಮೆ. ಹೆಚ್ಚಿನ ಗಂಟಲು ನೋವು ವೈರಸ್‌ನಿಂದ ಬಂದದ್ದು, ಒಂದು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ಹೆಸರು ಮಾತ್ರ ಹಾಲಿಗೆ!

ಇನ್ನು ಆ ಅಮ್ಮನ ವಿಷಯ. ಅರಿಶಿನ ಜಾಸ್ತಿಯಾದರೆ ವಾರ್ಫರಿನ್ ಪರಿಣಾಮ ಹೆಚ್ಚಿ ರಕ್ತಸ್ರಾವ ಆಗಬಹುದು. ಅಡುಗೆಯಲ್ಲಿ ಬೀಳುವ ಚಿಟಿಕೆಗೆ ಭಯ ಬೇಡ. ದಿನಕ್ಕೆ ಮೂರು ಲೋಟ ಅರಿಶಿನ ಹಾಲು, ಜೊತೆಗೆ ಕರ್ಕ್ಯುಮಿನ್ ಕ್ಯಾಪ್ಸೂಲ್ ಅಂದರೆ ಬೇರೆ ಮಾತು. ವಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಕಪ್ಪು ಮಲ ಕಂಡರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಆ ಅಮ್ಮನಿಗೆ ಬರೀ ಬಿಸಿ ನೀರು, ಉಪ್ಪು ನೀರಿನ ಗಾರ್ಗಲ್ ಸಾಕು ಅಂದೆ. ಪಿತ್ತಕೋಶದಲ್ಲಿ ಕಲ್ಲಿರುವವರೂ ಡಾಕ್ಟರನ್ನು ಕೇಳದೆ ಕುಡಿಯಬೇಡಿ.

ಅಂದಹಾಗೆ, ಹಾಲಿಗೆ ಜೇನು ಬೆರೆಸುವವರು ಗಮನಿಸಿ: ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ.

ಕೆಮ್ಮಿಲ್ಲದೆ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕಲೆ ಇದ್ದರೆ ಹಾಲು ಕುಡಿಯುತ್ತಾ ಕಾಯಬೇಡಿ, ತೋರಿಸಿ. ಎಂಜಲೂ ನುಂಗಲು ಆಗದಿದ್ದರೆ, ಉಸಿರಾಟ ಕಷ್ಟವಾದರೆ ಆ ಕ್ಷಣವೇ ಆಸ್ಪತ್ರೆಗೆ.