ಪೋರ್ಟ್‌ಫೋಲಿಯೋಗೆ ಏನಿಡಲಿ ಎಂದು ಕೇಳಿದ ಮೇಷ್ಟ್ರು ಗೆಳೆಯನಿಗೆ

ಪ್ರಿಯ ಗೆಳೆಯಾ,

ಕಂಪನಿಗಳಿಗೆ ತರಬೇತಿ ರೂಪಿಸಿಕೊಡುವ ಲರ್ನಿಂಗ್ ಡಿಸೈನ್ ಕೆಲಸಕ್ಕೆ ಅರ್ಜಿ ಹಾಕುವಾಗ ಮಾದರಿಯಾಗಿ ಏನು ತೋರಿಸಲಿ ಎಂದು ಕೇಳಿದ್ದೀಯ. ನೀನು ವರ್ಷಗಟ್ಟಲೆ ಮಾಡಿದ ದ್ಯುತಿಸಂಶ್ಲೇಷಣೆಯ ಪಾಠವನ್ನೇ ಚಂದದ ಸ್ಲೈಡುಗಳಿಗೆ ಹಾಕಿ ಕಳಿಸಬೇಡ. ಅದನ್ನು ನೋಡಿದವರಿಗೆ ನಿನಗೆ ಪಾಠ ಮಾಡಲು ಬರುತ್ತದೆ ಎಂದು ಗೊತ್ತಾಗುತ್ತದೆ, ಅಷ್ಟೆ. ಶಾಲೆಯಲ್ಲಿ ಪಠ್ಯ ಮೊದಲೇ ಇರುತ್ತದೆ, ಅದನ್ನು ಕಲಿಸಬೇಕು. ಕಂಪನಿಯಲ್ಲಿ ಎಲ್ಲೋ ಒಂದು ಕೆಲಸ ಕೆಡುತ್ತಿರುತ್ತದೆ, ಕೆಡುವುದು ನಿಲ್ಲಬೇಕು. ನಿನ್ನ ಮಾದರಿಯೂ ಅಲ್ಲಿಂದಲೇ ಶುರುವಾಗಲಿ.

ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಗೋದಾಮಿನ ಮ್ಯಾನೇಜರ್ ಬಂದು, "ಸರಕು ಇಳಿಸಿಕೊಳ್ಳುವ ಬಗ್ಗೆ ಒಂದು ಗಂಟೆಯ ಕೋರ್ಸ್ ಮಾಡಿಕೊಡಿ" ಎನ್ನುತ್ತಾರೆ. ಹೊಸಬರು ತಕ್ಷಣ ಅಧ್ಯಾಯಗಳ ಪಟ್ಟಿ ಬರೆಯಲು ಕೂರುತ್ತಾರೆ. ಅದರ ಬದಲು, "ಕಳೆದ ಸಲ ಏನು ಕೆಟ್ಟಿತು?" ಎಂದು ಕೇಳಬೇಕು. ಆಗ ವಿಷಯ ಹೊರಬೀಳುತ್ತದೆ: ಜಜ್ಜಿಹೋದ ಪೆಟ್ಟಿಗೆ ಬಂದರೂ ನೌಕರರು ರಸೀದಿಗೆ ಸುಮ್ಮನೆ ಸಹಿ ಹಾಕುತ್ತಿದ್ದಾರೆ, ಆಮೇಲೆ ಒಳಗೆ 12ರಲ್ಲಿ 3 ಬಾಟಲಿ ಒಡೆದಿದ್ದರೂ, ಸಹಿ ಹಾಕುವಾಗ ಏನೂ ಬರೆದಿಲ್ಲವೆಂದು ಸಾಗಣೆ ಕಂಪನಿ ಪರಿಹಾರ ಕೊಡುತ್ತಿಲ್ಲ.

ಮುಂದಿನ ಪ್ರಶ್ನೆ: ಯಾಕೆ ಸಹಿ ಹಾಕುತ್ತಾರೆ? ಇದನ್ನು ಮ್ಯಾನೇಜರನ್ನಲ್ಲ, ಗೇಟಿನಲ್ಲಿ ನಿಲ್ಲುವವರನ್ನೇ ಕೇಳಬೇಕು. ಎರಡು ಕಾರಣ ಸಿಕ್ಕವು ಎಂದಿಟ್ಟುಕೋ. ಸೀಲ್ ಒಡೆದಿಲ್ಲ ಎಂದರೆ ಸರಕು ಸರಿಯಿದೆ ಎಂದು ಅವರು ನಂಬಿದ್ದಾರೆ. ಜೊತೆಗೆ, ರಸೀದಿಯಲ್ಲಿ ಷರಾ ಬರೆಯಲು ಜಾಗವೇ ಇಲ್ಲ. ಮೊದಲನೆಯದಕ್ಕೆ ತರಬೇತಿ ಬೇಕು. ಎರಡನೆಯದಕ್ಕೆ ಎಷ್ಟು ಕೋರ್ಸ್ ಮಾಡಿದರೂ ಪ್ರಯೋಜನವಿಲ್ಲ, ರಸೀದಿಯ ನಮೂನೆಯನ್ನೇ ಬದಲಿಸಬೇಕು. ಇದನ್ನು ಮಾದರಿಯ ಜೊತೆಗೆ ಅರ್ಧ ಪುಟದ ಟಿಪ್ಪಣಿಯಲ್ಲಿ ಬರೆದಿಡು. ಕೆಲಸ ಬಲ್ಲವರು ಅನಿಮೇಷನ್‌ಗಿಂತ ಮೊದಲು ಆ ಟಿಪ್ಪಣಿಯನ್ನೇ ಓದುತ್ತಾರೆ.

ಈಗ ಒಂದು ಗಂಟೆಯ ಕೋರ್ಸ್ ಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ತಾವೇ ನೋಡಿ ಕಲಿಯುವ, ಮೂರು ಸನ್ನಿವೇಶಗಳ ಎಂಟು-ಹತ್ತು ನಿಮಿಷದ ಮಾಡ್ಯೂಲ್, ಗೇಟಿನ ಬಳಿ ಅಂಟಿಸಲು ಒಂದು ಪುಟದ ಚೆಕ್‌ಲಿಸ್ಟ್, ಇಷ್ಟೇ ಸಾಕು. ಗುರಿಯನ್ನೂ ಹಾಗೇ ಬರೆ. "ತಪಾಸಣೆಯ ಮಹತ್ವ ಅರಿಯುವರು" ಎಂದು ಬರೆದರೆ ಅದನ್ನು ಅಳೆಯಲು ಬರುವುದಿಲ್ಲ. "ಸಹಿ ಹಾಕುವ ಮೊದಲು ಪೆಟ್ಟಿಗೆಯ ಆರೂ ಬದಿ ನೋಡಿ, ಕಂಡ ಹಾನಿಯನ್ನು ರಸೀದಿಯಲ್ಲಿ ಬರೆಯುವರು" ಎಂದರೆ ಗೇಟಿನಲ್ಲಿ ನಿಂತು ನೋಡಬಹುದು.

ಸ್ಟೋರಿಬೋರ್ಡ್ ಎಂದರೆ ವರ್ಡ್‌ನಲ್ಲಿ ಒಂದು ಕೋಷ್ಟಕ: ತೆರೆಯ ಸಂಖ್ಯೆ, ತೆರೆಯ ಮೇಲಿನ ಬರಹ, ಧ್ವನಿ, ಚಿತ್ರ, ಕಲಿಯುವವರು ಮಾಡಬೇಕಾದ್ದು, ಅದಕ್ಕೆ ಫೀಡ್‌ಬ್ಯಾಕ್. ಇದರಲ್ಲಿ ಕಷ್ಟದ್ದು ಪ್ರಶ್ನೆ. "ಸರಕು ಬಂದಾಗ ಏನು ಮಾಡಬೇಕು?" ಎಂದು ಕೇಳಿದರೆ ಅದು ನೆನಪಿನ ಪರೀಕ್ಷೆಯಾಗುತ್ತದೆ. ಹೀಗೆ ಬರೆದು ನೋಡು: ಪೆಟ್ಟಿಗೆಯ ಒಂದು ಮೂಲೆ ಒಳಗೆ ಕುಸಿದಿದೆ, ಸೀಲ್ ಹಾಗೇ ಇದೆ. "ನನಗೆ ಲೇಟಾಗ್ತಿದೆ, ಬೇಗ ಸಹಿ ಹಾಕಿ" ಎನ್ನುತ್ತಾನೆ ಚಾಲಕ. ಆಯ್ಕೆಗಳು ಮೂರು: "ಸೀಲ್ ಸರಿಯಿದೆ, ಸಹಿ ಹಾಕುತ್ತೇನೆ"; "ಸರಕನ್ನು ಪೂರ್ತಿ ವಾಪಸ್ ಕಳಿಸುತ್ತೇನೆ"; "ಹಾನಿಯನ್ನು ಬರೆದು, ಫೋಟೋ ತೆಗೆದು ಸಹಿ ಹಾಕುತ್ತೇನೆ".

ತಪ್ಪು ಆಯ್ಕೆ ಪ್ರತಿಯೊಂದಕ್ಕೂ ನಿಜವಾದ ಒಂದು ಕಾರಣ ಇರಲೇಬೇಕು. ಯಾರೂ ಆರಿಸದ ತಮಾಷೆಯ ಆಯ್ಕೆ ಬರೆದರೆ ಪ್ರಶ್ನೆ ಸತ್ತಂತೆ. ಉತ್ತರ ಪತ್ರಿಕೆ ತಿದ್ದಿ ತಿದ್ದಿ, ಮಕ್ಕಳು ಎಲ್ಲಿ ಯಾಕೆ ಎಡವುತ್ತಾರೆಂದು ನಿನಗೆ ಗೊತ್ತಿದೆಯಲ್ಲ, ಆ ಕಣ್ಣು ಇಲ್ಲಿ ಕೆಲಸಕ್ಕೆ ಬರುವುದು. ಇನ್ನೊಂದು, ಸರಿಯುತ್ತರವೇ ಎಲ್ಲಕ್ಕಿಂತ ಉದ್ದ ಇದ್ದರೆ ಓದದೆಯೂ ಗುರುತಿಸಬಹುದು. ಮೇಲಿನ ಆಯ್ಕೆಗಳಲ್ಲೂ ಆ ದೋಷ ಇದೆ ನೋಡು, ಮೂರನೆಯದನ್ನು ಕತ್ತರಿಸಬೇಕು: "ಹಾನಿ ಬರೆದು ಸಹಿ ಹಾಕುತ್ತೇನೆ". ಫೋಟೋ ಫೀಡ್‌ಬ್ಯಾಕ್‌ಗೆ ಹೋಗಲಿ.

ಮೇಷ್ಟ್ರುಗಳು ಸಾಮಾನ್ಯವಾಗಿ ಸೋಲುವುದು ಫೀಡ್‌ಬ್ಯಾಕ್‌ನಲ್ಲಿ. ತರಗತಿಯಲ್ಲಿ ಮುಖ ನೋಡಿ ಇನ್ನೊಮ್ಮೆ ವಿವರಿಸಬಹುದು, ಇಲ್ಲಿ ಎದುರಿಗೆ ಯಾರೂ ಇಲ್ಲ, ಆ ಎರಡನೇ ವಿವರಣೆಯನ್ನು ಮೊದಲೇ ಬರೆದಿಡಬೇಕು. "ತಪ್ಪು, ಮತ್ತೆ ಪ್ರಯತ್ನಿಸಿ" ಎನ್ನುವುದು ವಿವರಣೆಯಲ್ಲ. ಮೊದಲ ಆಯ್ಕೆಗೆ ಪರಿಣಾಮವನ್ನೇ ತೋರಿಸು: "ಪೆಟ್ಟಿಗೆ ತೆರೆದಾಗ ಮೂರು ಬಾಟಲಿ ಒಡೆದಿದ್ದವು. ರಸೀದಿಯಲ್ಲಿ ಷರಾ ಇಲ್ಲದ್ದರಿಂದ ಪರಿಹಾರ ಸಿಗಲಿಲ್ಲ. ಯಾರೂ ಪೆಟ್ಟಿಗೆ ತೆರೆದಿಲ್ಲ ಎಂದಷ್ಟೇ ಸೀಲ್ ಹೇಳುತ್ತದೆ, ಅದು ಕೆಳಗೆ ಬಿದ್ದಿಲ್ಲ ಎಂದಲ್ಲ."

ಇದೆಲ್ಲ ಕಾಗದದ ಮೇಲೆ ನಿಂತ ಮೇಲೆಯೇ ಮಾಡ್ಯೂಲ್ ಕಟ್ಟುವ ಸಾಫ್ಟ್‌ವೇರ್ ಸ್ಟೋರಿಲೈನ್ ತೆರೆ. ಅಲ್ಲಿ ಕಟ್ಟಿದ ಮೇಲೆ ಒಂದು ಆಯ್ಕೆ ಬದಲಿಸಿದರೂ ಟ್ರಿಗರ್, ಧ್ವನಿ, ಲೇಯರ್ ಎಲ್ಲ ತಿದ್ದಬೇಕಾಗುತ್ತದೆ. ಮುಗಿದ ಮಾಡ್ಯೂಲನ್ನು, ಯಾರು ಮುಗಿಸಿದರೆಂದು ದಾಖಲಿಸುವ ಕಂಪನಿಯ ವ್ಯವಸ್ಥೆಗೆ ಹೊಂದುವ ಸ್ಕಾರ್ಮ್ ರೂಪದಲ್ಲಿ ಪಬ್ಲಿಶ್ ಮಾಡುವಾಗ 'ಪೂರ್ಣ' ಎಂದು ದಾಖಲಾಗುವುದು ಯಾವುದರಿಂದ ಎಂದು ನೋಡಿಕೋ. ನೋಡಿದ ಸ್ಲೈಡುಗಳ ಸಂಖ್ಯೆಗೆ ಕಟ್ಟಿದ್ದರೆ, ಪ್ರಶ್ನೆಗಳಿಗೆಲ್ಲ ತಪ್ಪುತ್ತರ ಕೊಟ್ಟವನೂ ಮುಗಿಸಿದವರ ಪಟ್ಟಿಗೆ ಸೇರುತ್ತಾನೆ. ಇಂಥ ಮಾಡ್ಯೂಲನ್ನು ಪರೀಕ್ಷಿಸಿ ನೋಡಬಹುದಾದ ಸ್ಕಾರ್ಮ್ ಕ್ಲೌಡ್ ಎಂಬ ಜಾಲತಾಣಕ್ಕೆ ಹಾಕಿ, ಬೇಕೆಂದೇ ತಪ್ಪುತ್ತರ ಕೊಟ್ಟು, ನಡುವೆ ಮುಚ್ಚಿ ಮತ್ತೆ ತೆರೆದು, ಏನು ದಾಖಲಾಯಿತು ಎಂದು ಪರೀಕ್ಷಿಸು.

ಸ್ಟೋರಿಬೋರ್ಡ್ ಆದಾಗ ನನಗೂ ಕಳಿಸು. ಧ್ವನಿ ಮುದ್ರಿಸುವ ಮೊದಲೇ ಕಳಿಸು.

ನಿನ್ನ ಗೆಳೆಯ