ಗರ್ಭಿಣಿಯೊಬ್ಬಳನ್ನೇ ಮಾತನಾಡಿಸಲು ಆಸ್ಪತ್ರೆಯಲ್ಲಿ ಅವಕಾಶವಿರಲಿ

ಮಾನ್ಯ ಸಂಪಾದಕರೇ,

ಗಂಡನ ಒಪ್ಪಿಗೆಯಿಲ್ಲದೆ ಹೊಸ್ತಿಲು ದಾಟಲಾಗದ ಹೆಣ್ಣುಮಗಳನ್ನೂ ಗರ್ಭಿಣಿಯಾದ ಮೇಲೆ ಮನೆಯವರು ತಪಾಸಣೆಗೆ ಕರೆತರುತ್ತಾರೆ. ಆದರೆ ಅತ್ತೆಯೋ ಗಂಡನೋ ಅವಳ ಪಕ್ಕದಲ್ಲೇ ನಿಂತು, ನಾವು ಕೇಳಿದ್ದಕ್ಕೆಲ್ಲ ತಾವೇ ಉತ್ತರ ಕೊಡುವುದರಿಂದ, ಏಟು ತಿಂದವಳು ಅದನ್ನು ಹೇಳದೆಯೇ ಮನೆಗೆ ಮರಳುತ್ತಾಳೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತಳಾದ ನನಗೆ, ಈ ಒಂದು ವಿಷಯವನ್ನು ಆಸ್ಪತ್ರೆಗಳು ಸುಲಭವಾಗಿ ಸರಿಪಡಿಸಬಹುದು ಅನ್ನಿಸುತ್ತದೆ.

ಎಂಟು ತಿಂಗಳ ಬಸುರಿಯೊಬ್ಬಳು ಬಚ್ಚಲಲ್ಲಿ ಜಾರಿಬಿದ್ದಳೆಂದು ಗಂಡ ಕರೆತಂದಿದ್ದ. ಜಾರಿ ಬಿದ್ದವರಿಗೆ ಸಾಮಾನ್ಯವಾಗಿ ಮಂಡಿ, ಮೊಣಕೈ, ಅಂಗೈ ತರಚಿರುತ್ತವೆ. ಇವಳಿಗೆ ತೋಳಿನ ಒಳಭಾಗದಲ್ಲಿ ಬೆರಳೊತ್ತಿದ ಕಲೆಗಳಿದ್ದವು. ಮೂತ್ರದ ಮಾದರಿ ಬೇಕೆಂದು ಹೇಳಿ ಹೆಂಗಸರ ಶೌಚಾಲಯಕ್ಕೆ ಕರೆದೊಯ್ದು ಕೇಳಿದಾಗ, ಹಿಡಿದು ಜಗಲಿಯ ಅಂಚಿಗೆ ನೂಕಿದನೆಂದಳು. ಅವಳ ಮೊಬೈಲ್ ಅವನ ಬಳಿಯೇ ಇರುತ್ತಿತ್ತು. ಬಸ್ಸಿನ ಚಾರ್ಜಿಗೂ ಅವಳ ಕೈಯಲ್ಲಿ ಕಾಸಿರಲಿಲ್ಲ.

ಹೊಟ್ಟೆಗೆ ಪೆಟ್ಟು ಬಿದ್ದಾಗ ಮಾಸು ಗರ್ಭಕೋಶದಿಂದ ಕಿತ್ತುಬರಬಹುದು. ರಕ್ತ ಒಳಗೇ ನಿಂತರೆ ಹೊರಗೆ ಸ್ರಾವ ಕಾಣುವುದಿಲ್ಲ. ಆದ್ದರಿಂದ ನೋವು ಕಡಿಮೆಯಾಯಿತೆಂದು ಮನೆಗೆ ಕಳಿಸದೆ, ಕನಿಷ್ಠ 4 ಗಂಟೆ ಮಗುವಿನ ಎದೆಬಡಿತವನ್ನೂ ಹೊಟ್ಟೆ ಬಿಗಿಯುವುದನ್ನೂ ಗಮನಿಸಬೇಕು. ಮನೆಗೆ ಹೋದ ಮೇಲೆ ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ, ಮಗುವಿನ ಚಲನೆ ತಗ್ಗಿದರೆ, ರಕ್ತ ಅಥವಾ ನೀರು ಹೋದರೆ ತಕ್ಷಣ ಮರಳಬೇಕು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು. ಪೆಟ್ಟು ಬಿದ್ದ ಸಂಗತಿಯೇ ಬಾಯಿಗೆ ಬಾರದಿದ್ದರೆ ಇವು ಯಾವುದೂ ನಡೆಯುವುದಿಲ್ಲ.

ಅವಳು ಹೇಳಿದ ಮೇಲೆ ಸಿಬ್ಬಂದಿ ಮಾಡುವ ದೊಡ್ಡ ತಪ್ಪೆಂದರೆ ಗಂಡನನ್ನು ಒಳಗೆ ಕರೆದು ಬುದ್ಧಿ ಹೇಳುವುದು. ಅದರ ಫಲವನ್ನು ಅಂದು ರಾತ್ರಿ ಉಣ್ಣುವವಳು ಅವಳೇ. ತಾಯಿ ಕಾರ್ಡಿನಲ್ಲಿ ಬರೆಯುವುದೂ ಅಪಾಯ, ಏಕೆಂದರೆ ಆ ಕಾರ್ಡು ಮನೆಗೆ ಹೋಗುತ್ತದೆ. ಯಾರು, ಯಾವಾಗ, ಹೇಗೆ ಹೊಡೆದರೆಂಬುದನ್ನು ಅವಳದೇ ಮಾತಿನಲ್ಲಿ, ಗಾಯದ ಜಾಗ ಮತ್ತು ಅಳತೆಯೊಂದಿಗೆ ಆಸ್ಪತ್ರೆಯಲ್ಲೇ ಉಳಿಯುವ ಕೇಸ್ ಶೀಟಿನಲ್ಲಿ ಬರೆದಿಟ್ಟರೆ ಮುಂದೆ ನ್ಯಾಯಾಲಯದಲ್ಲಿ ಅದೇ ಆಧಾರವಾಗುತ್ತದೆ. 181 ಸಹಾಯವಾಣಿಗೆ ಕರೆ ಮಾಡುವುದಾದರೂ ಅವಳ ಮೊಬೈಲಿನಿಂದ ಬೇಡ. ಆಶಾ ಕಾರ್ಯಕರ್ತೆಯ ಅಥವಾ ವಾರ್ಡಿನ ಫೋನಿನಿಂದ ಮಾಡಲಿ. ಜೀವಕ್ಕೆ ಅಪಾಯವೆನಿಸಿದ ಗಳಿಗೆಯಲ್ಲಿ ಮಾತ್ರ ಯಾವ ಫೋನಾದರೂ ಸರಿ, 112.

ಪೊಲೀಸರ ಹೆಸರೆತ್ತಿದರೆ ಹೆದರುವ ಹೆಂಗಸರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಬೇರೆ ದಾರಿಯಿದೆ. ಅದರಡಿ ಹೆಂಗಸರ ದೂರು ಕೇಳಿ ನೆರವಾಗುವ ಸಂರಕ್ಷಣಾಧಿಕಾರಿಯ ಹೊಣೆಯನ್ನು ನಮ್ಮ ರಾಜ್ಯದಲ್ಲಿ ಹೊತ್ತಿರುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ಅವರು ಸಿದ್ಧಪಡಿಸುವ ಕೌಟುಂಬಿಕ ಘಟನಾ ವರದಿ ಎಫ್‌ಐಆರ್ ಅಲ್ಲ. ಅದು ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ. ಹಣ ಕೊಡದಿರುವುದು, ಹೀಯಾಳಿಸುವುದು ಕೂಡ ಈ ಕಾಯ್ದೆಯಲ್ಲಿ ಹಿಂಸೆಯೇ. ಅರ್ಜಿಯನ್ನು 60 ದಿನದಲ್ಲಿ ತೀರ್ಮಾನಿಸಬೇಕೆಂಬ ಆಶಯ ಹಲವು ಕಡೆ ಕಾಗದದಲ್ಲೇ ಉಳಿದಿರುವುದರಿಂದ, ಮೊದಲ ದಿನವೇ ಮಧ್ಯಂತರ ಆದೇಶ ಕೇಳುವುದು ಒಳ್ಳೆಯದು. ವಕೀಲರ ಶುಲ್ಕಕ್ಕೆ ಅಂಜಬೇಕಿಲ್ಲ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವು ಉಚಿತ.

ಮನೆ ಬಿಡುವ ಹೊತ್ತೇ ಹೆಚ್ಚು ಅಪಾಯದ ಹೊತ್ತು. ಸೀಮಂತ ಮುಗಿಸಿ ತವರಿಗೆ ಹೋಗುವ ನಮ್ಮ ರೂಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆಗ ಹೊರಟರೆ ಯಾರಿಗೂ ಅನುಮಾನ ಬಾರದು. ಮೇಲೆ ಹೇಳಿದವಳೂ ಹೊರಟದ್ದು ಹಾಗೆಯೇ, ಆಧಾರ್, ಬ್ಯಾಂಕ್ ಪಾಸ್‌ಬುಕ್, ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿಗಳನ್ನು ಸೀರೆಗಳ ನಡುವೆ ಇಟ್ಟುಕೊಂಡು. ತಾತ್ಕಾಲಿಕವಾಗಿ ತವರಿನಲ್ಲಿದ್ದರೂ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕೂ ಅದರಿಂದ ಕಳೆದುಹೋಗುವುದಿಲ್ಲ. ತವರೇ ಇಲ್ಲದವರಿಗೆ, ಅಥವಾ ‘ಹೊಂದಿಕೊಂಡು ಹೋಗಮ್ಮ’ ಎನ್ನುವ ತವರಿರುವವರಿಗೆ, ಜಿಲ್ಲೆಯ ಸಖಿ ಕೇಂದ್ರದಲ್ಲಿ ಕೆಲ ದಿನಗಳ ಆಸರೆ ಸಿಗುತ್ತದೆ. ಹೆರಿಗೆ ಮತ್ತು ಬಾಣಂತನಕ್ಕೆ ಅಷ್ಟು ದಿನ ಸಾಲದು ಎಂಬುದು ನಿಜ. ಅಲ್ಲಿಂದ ದೀರ್ಘಾವಧಿಯ ಆಶ್ರಯಧಾಮಕ್ಕೆ ಕಳಿಸಿಕೊಡಲು ಮೊದಲೇ ಕೇಳಿಕೊಳ್ಳಬೇಕಾಗುತ್ತದೆ.

ತೂಕ, ರಕ್ತದೊತ್ತಡ ನೋಡುವಾಗ ಪ್ರತಿಯೊಬ್ಬ ಗರ್ಭಿಣಿಯೂ ಒಬ್ಬಳೇ ಒಳಬರಬೇಕು, ಜೊತೆಯವರು ಹೊರಗೆ ಕೂರಬೇಕು ಎಂಬ ನಿಯಮವನ್ನು ಆರೋಗ್ಯ ಇಲಾಖೆ ಎಲ್ಲ ಆಸ್ಪತ್ರೆಗಳಲ್ಲಿ ಜಾರಿಗೆ ತರಲಿ. ಎಲ್ಲರಿಗೂ ಅನ್ವಯಿಸಿದರೆ ಯಾರೊಬ್ಬಳ ಮೇಲೂ ಸಂಶಯ ಬೀಳುವುದಿಲ್ಲ. ಸಿಡಿಪಿಒ ಕಚೇರಿಯ ಸಂಖ್ಯೆಯನ್ನೂ 181ನ್ನೂ ಹೊರರೋಗಿ ವಿಭಾಗದ ಗೋಡೆಯ ಬದಲು ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಗೆ ಅಂಟಿಸಲಿ.

ಇತಿ,
ನಿವೃತ್ತ ಶುಶ್ರೂಷಾಧಿಕಾರಿ, ಹಾವೇರಿ ಜಿಲ್ಲೆ