ಕಾರಿನ ದಾರಿಯ ಜಲ್ಲಿ ಪದರದಲ್ಲಿ 35 ಮಿ.ಮೀ. ಕೊರತೆ: ದೂರು ಪತ್ರ

ಇಂದ,
ಮನೆಯ ಮಾಲೀಕರು,
ಬಾವಧನ, ಪುಣೆ

ಗೆ,
ವ್ಯವಸ್ಥಾಪಕರು,
ಜಲ್ಲಿ ಹಾಗೂ ಡಾಂಬರು ಕೆಲಸದ ಗುತ್ತಿಗೆ ಸಂಸ್ಥೆ,
ಪುಣೆ

ವಿಷಯ: ಸಡಿಲ ಜಲ್ಲಿಯ ಅಳತೆಯನ್ನೇ ರೋಲರ್ ಹೊಡೆದ ಜಲ್ಲಿಯ ಅಳತೆಯೆಂದು ಹಿಡಿದದ್ದರಿಂದ ಆದ ಕೊರತೆಯನ್ನು ಡಾಂಬರು ಹಾಕುವ ಮುನ್ನ ನಿಮ್ಮ ಖರ್ಚಿನಲ್ಲಿ ಸರಿಪಡಿಸುವ ಕುರಿತು.

ಮಾನ್ಯರೇ,

ನಮ್ಮ ಮನೆಯ ಗೇಟಿನಿಂದ ಪೋರ್ಟಿಕೊವರೆಗಿನ ಕಾರಿನ ದಾರಿಯ ಕೆಲಸವನ್ನು ಕಳೆದ ತಿಂಗಳು ನಿಮಗೆ ಒಪ್ಪಿಸಿದ್ದೆ. ನೀವು ವಿಜಯಪುರದ ಕಡೆಯವರು, ನಮ್ಮ ಮಾತುಕತೆಯೂ ದರದ ಒಪ್ಪಂದವೂ ಕನ್ನಡದಲ್ಲೇ ನಡೆದದ್ದರಿಂದ ಈ ಪತ್ರವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಸಹಿ ಮಾಡಿ ಕೊಟ್ಟ ದರಪಟ್ಟಿಯಲ್ಲಿ "ರೋಲರ್ ಹೊಡೆದು ದಮ್ಮಾಸು ಆದ ನಂತರ 150 ಮಿ.ಮೀ. ಜಲ್ಲಿ, ಅದರ ಮೇಲೆ 50 ಮಿ.ಮೀ. ಡಾಂಬರು" ಎಂದು ಸ್ಪಷ್ಟವಾಗಿ ಬರೆದಿದೆ. ದರವನ್ನು ನಿಗದಿ ಮಾಡಿದ್ದು ಬ್ರಾಸ್ ಲೆಕ್ಕದಲ್ಲಲ್ಲ, ಮುಗಿದ ಕೆಲಸದ ಚದರ ಅಡಿಗೆ. ಜಲ್ಲಿಯ ಕೆಲಸ ಮುಗಿದಿದೆ, ಡಾಂಬರು ಇನ್ನೂ ಬಂದಿಲ್ಲ. ಜಲ್ಲಿಯ ಪದರ ಈಗ ಇರುವುದು 150 ಅಲ್ಲ, 115 ಮಿ.ಮೀ. ಮಾತ್ರ.

ಈ ಕೊರತೆ ಹೇಗಾಯಿತು ಎಂಬುದನ್ನು ಮೊದಲು ತಿಳಿಸುತ್ತೇನೆ, ಏಕೆಂದರೆ ಇದರಲ್ಲಿ ಮೋಸವಿದೆ ಎಂದು ನಾನು ಭಾವಿಸಿಲ್ಲ. ನೀವು ತಂದ ಜಲ್ಲಿಯನ್ನು ಲಾರಿಯಲ್ಲೇ ಟೇಪು ಹಿಡಿದು ಅಳೆದಾಗ ಒಟ್ಟು ಆರೂವರೆ ಬ್ರಾಸ್ ಬರೋಬ್ಬರಿ ಇತ್ತು, ಅದನ್ನು ನಾನೇ ನಿಂತು ನೋಡಿದ್ದೇನೆ. ತಪ್ಪಾದದ್ದು ಆರೂವರೆ ಬ್ರಾಸ್ ಸಾಕು ಎಂದು ನಿರ್ಧರಿಸಿದ ಲೆಕ್ಕದಲ್ಲಿ.

ದಾರಿ 24 ಮೀಟರ್ ಉದ್ದ, 3.5 ಮೀಟರ್ ಅಗಲ. ಅದರ ಜೊತೆಗೆ ಕಾರು ತಿರುಗಿಸುವ ಜಾಗ 6 ಮೀಟರ್ ಚೌಕ. ಎರಡೂ ಸೇರಿ 84 ಮತ್ತು 36, ಅಂದರೆ 120 ಚದರ ಮೀಟರ್. ಇದಕ್ಕೆ 0.15 ಮೀಟರ್ ದಪ್ಪವೆಂದರೆ 18 ಘನ ಮೀಟರ್. ಇಲ್ಲಿಯವರೆಗೆ ನಿಮ್ಮ ಲೆಕ್ಕವೂ ನನ್ನ ಲೆಕ್ಕವೂ ಒಂದೇ. ಆಮೇಲೆ ನಿಮ್ಮವರು ಒಂದು ಬ್ರಾಸ್‌ಗೆ 2.83 ಘನ ಮೀಟರ್‌ನಂತೆ 18ನ್ನು ಭಾಗಿಸಿ, ಬಂದ 6.36ನ್ನು ಆರೂವರೆಗೆ ಏರಿಸಿ ಲಾರಿ ತರಿಸಿದರು. ಆದರೆ ಆ 18 ಘನ ಮೀಟರ್ ರೋಲರ್ ಹೊಡೆದ ನಂತರದ ಗಾತ್ರ. ಲಾರಿಯಲ್ಲಿ ಬರುವ ಬ್ರಾಸ್ ಸಡಿಲ ಜಲ್ಲಿಯದು, ಅದರ ಕಲ್ಲುಗಳ ನಡುವೆ ತುಂಬ ಗಾಳಿ ಇರುತ್ತದೆ. ರೋಲರ್ ಕೆಳಗೆ ಸಣ್ಣ ಕಲ್ಲು ಮತ್ತು ಕ್ರಷರ್ ಪುಡಿ ದೊಡ್ಡ ಕಲ್ಲುಗಳ ಸಂದಿಗಿಳಿದು ಕೂತಾಗ ಆ ಗಾಳಿಯ ಬಹುಪಾಲು ಹೊರಟು ಹೋಗುತ್ತದೆ. ಈ ಎರಡು ಗಾತ್ರಗಳನ್ನು ನೇರವಾಗಿ ಸಮ ಎಂದು ಹಿಡಿಯಲು ಬರುವುದಿಲ್ಲ. ಎರಡಕ್ಕೂ ಸಾಮಾನ್ಯವಾಗಿರುವುದು ತೂಕ ಒಂದೇ.

ಆದ್ದರಿಂದ ತೂಕವನ್ನು ಅಳೆಯುವುದೇ ಸರಿ ಎನಿಸಿತು. 15 ಲೀಟರ್ ಹಿಡಿಯುವ ಬಕೆಟ್ಟನ್ನು ನೀರು ತುಂಬಿ ಪರೀಕ್ಷಿಸಿಕೊಂಡು, ಅದರಲ್ಲಿ ನಿಮ್ಮ ಉಳಿದ ಗುಡ್ಡೆಯ ಒಣ ಜಲ್ಲಿಯನ್ನು ಸಲಿಕೆಯಿಂದ ಸಡಿಲವಾಗಿ, ಕುಟ್ಟದೆ, ಅಲುಗಿಸದೆ ತುಂಬಿ ಬಾಯಿಮಟ್ಟಕ್ಕೆ ಹಲಗೆ ಎಳೆದೆ. ಬಕೆಟ್ಟಿನ ತೂಕ ಕಳೆದು 24 ಕಿಲೋ 750 ಗ್ರಾಂ ಬಂತು. ಅಂದರೆ ಸಡಿಲ ಸ್ಥಿತಿಯಲ್ಲಿ ಒಂದು ಘನ ಮೀಟರ್‌ಗೆ 1.65 ಟನ್. ನಿಮ್ಮ ಮೂರು ಬ್ರಾಸ್‌ನ ಲಾರಿ ವೇಬ್ರಿಡ್ಜ್‌ನಲ್ಲಿ 14 ಟನ್‌ಗೆ ಹತ್ತಿರ ತೂಗಿದ್ದು ಇದಕ್ಕೆ ಹೊಂದುತ್ತದೆ.

ರೋಲರ್ ಹೊಡೆದ ಜಾಗದ ಸಾಂದ್ರತೆಯನ್ನು ಮರಳು ತುಂಬುವ ವಿಧಾನದಿಂದ ತಿಳಿದುಕೊಂಡೆ. ಇದು ಐ.ಎಸ್. 2720ರ 28ನೇ ಭಾಗದಲ್ಲಿರುವ ವಿಧಾನದ ಮನೆಮಟ್ಟದ ರೂಪ. ತಿರುಗುವ ಜಾಗದ ಮಧ್ಯೆ ಸುಮಾರು 21 ಸೆಂ.ಮೀ. ಅಗಲದ ಗುಂಡಿಯನ್ನು ಉಳಿಯಿಂದ ಎಚ್ಚರಿಕೆಯಿಂದ ತೆಗೆದು, ಒಂದು ಕಲ್ಲೂ ಪುಡಿಯೂ ಬಿಡದೆ ಎಲ್ಲವನ್ನೂ ತಟ್ಟೆಗೆ ಹಾಕಿ, ಬಿಸಿಲಲ್ಲಿ ಒಣಗಿಸಿ ತೂಗಿದಾಗ 8 ಕಿಲೋ 800 ಗ್ರಾಂ ಇತ್ತು. ಅದೇ ಗುಂಡಿಗೆ ಒಣ ಮರಳನ್ನು ಒಂದೇ ಎತ್ತರದಿಂದ ಮೆಲ್ಲಗೆ ಸುರಿದಾಗ 6 ಕಿಲೋ ಮರಳು ಹಿಡಿಯಿತು. ಆ ಮರಳು ಹಾಗೆ ಸುರಿದಾಗ ಲೀಟರ್‌ಗೆ ಒಂದೂವರೆ ಕಿಲೋ ತೂಗುವುದನ್ನು ಮೊದಲೇ ನೋಡಿಟ್ಟಿದ್ದರಿಂದ ಗುಂಡಿಯ ಗಾತ್ರ 4 ಲೀಟರ್ ಎಂದಾಯಿತು. 8.8ನ್ನು 4ರಿಂದ ಭಾಗಿಸಿದರೆ ಘನ ಮೀಟರ್‌ಗೆ 2.2 ಟನ್. ದಖ್ಖನ್ನಿನ ಕಪ್ಪು ಕಲ್ಲಿನ ಜಲ್ಲಿಗೆ ಇದು ಒಪ್ಪುವ ಅಂಕಿ. ನಿಮ್ಮ ರೋಲರ್ ಕೆಲಸದಲ್ಲಿ ನನಗೆ ತಕರಾರಿಲ್ಲ ಎಂಬುದನ್ನೂ ಇದರಿಂದಲೇ ಹೇಳುತ್ತಿದ್ದೇನೆ. ರೋಲರ್ ಚೆನ್ನಾಗಿ ಓಡಿದೆ, ಅದರ ಕೆಳಗೆ ಇರಬೇಕಾದಷ್ಟು ಜಲ್ಲಿ ಇರಲಿಲ್ಲ.

ಈಗ ಲೆಕ್ಕ ಹೀಗೆ ಬರುತ್ತದೆ:

```
ಬೇಕಾದ ತೂಕ    = 120 × 0.15 × 2.2 = 39.6 ಟನ್
ಸಡಿಲ ಗಾತ್ರ   = 39.6 ÷ 1.65 = 24 ಘನ ಮೀ. (ಸುಮಾರು 8.5 ಬ್ರಾಸ್)
ಬಂದ ತೂಕ      = 18.4 × 1.65 = 30.36 ಟನ್ (6.5 ಬ್ರಾಸ್)
ಆದ ದಪ್ಪ      = 30.36 ÷ 2.2 ÷ 120 = 0.115 ಮೀ.
```

ಕೊರತೆ 9.24 ಟನ್, ಅಂದರೆ ಹತ್ತಿರಹತ್ತಿರ ಎರಡು ಬ್ರಾಸ್. ಕಾಗದದ ಮೇಲಿನ ಈ 115 ಮಿ.ಮೀ. ನೆಲದಲ್ಲೂ ಇದೆಯೇ ಎಂದು ಗೇಟಿನ ಬಳಿ, ದಾರಿಯ ನಡುವೆ ಮತ್ತು ತಿರುಗುವ ಜಾಗದ ಮೂಲೆಯಲ್ಲಿ ತೋಡಿ ನೋಡಿದೆ. ಕ್ರಮವಾಗಿ 112, 116 ಮತ್ತು 117 ಮಿ.ಮೀ. ಸಿಕ್ಕಿತು.

ಕೆಲಸದ ದಿನದ ಒಂದು ಸಂಗತಿಯನ್ನು ಇಲ್ಲಿ ನೆನಪಿಸಬೇಕು. ಜಲ್ಲಿ ಹರಡುವಾಗ ನಿಮ್ಮ ಮೇಸ್ತ್ರಿ ಎರಡೂ ಬದಿಯ ಗೂಟಗಳಿಗೆ ಹಳದಿ ನೈಲಾನ್ ದಾರವನ್ನು ಮುರುಮದಿಂದ ಆರು ಇಂಚು ಎತ್ತರಕ್ಕೆ ಕಟ್ಟಿದ್ದರು, ಮತ್ತು ಸಡಿಲ ಜಲ್ಲಿಯನ್ನು ದಾರದ ಮಟ್ಟಕ್ಕೆ ಎಳೆಸಿದರು. "ಇದು ಇನ್ನೂ ಕೂರುತ್ತದಲ್ಲ, ದಾರ ಮೇಲಿರಬೇಕಲ್ಲವೇ" ಎಂದು ನಾನು ಕೇಳಿದ್ದಕ್ಕೆ, "ಸರ, ಆರು ಇಂಚಂದ್ರ ಆರು ಇಂಚು, ದಾರ ಬರೋಬ್ಬರಿ ಐತಿ" ಎಂದು ಹೇಳಿದರು. ದಾರ ಇರಬೇಕಾಗಿದ್ದದ್ದು ಎಂಟು ಇಂಚಿಗೆ. 2.2ನ್ನು 1.65ರಿಂದ ಭಾಗಿಸಿದರೆ ಒಂದೂ ಮೂರನೇ ಒಂದು ಪಾಲು ಬರುತ್ತದೆ, ಅದರಿಂದ 150 ಮಿ.ಮೀ.ಯನ್ನು ಗುಣಿಸಿದರೆ ಹರಡಬೇಕಾದ ಸಡಿಲ ದಪ್ಪ 200 ಮಿ.ಮೀ. ಇಡೀ ದೂರಿನ ಮೂಲ ಆ ಎರಡು ಇಂಚಿನ ದಾರದಲ್ಲಿದೆ. ಆ ಮೇಸ್ತ್ರಿಯವರು ಕೆಲಸ ಬಲ್ಲವರು, ಅವರನ್ನು ದೂಷಿಸಬೇಡಿ. ಅವರ ಕೈಗೆ ಕೊಟ್ಟ ಚೀಟಿಯಲ್ಲಿ ದಮ್ಮಾಸಿನ ದಪ್ಪ ಬರೆದಿತ್ತು, ಹರಡುವ ದಪ್ಪ ಬರೆದಿರಲಿಲ್ಲ.

ಜಲ್ಲಿಯ ಒಂದಷ್ಟು ಭಾಗ ಕೆಳಗಿನ ನೆಲಕ್ಕೆ ಒತ್ತಿ ಹೋಗಿರಬಹುದು ಎಂದು ನೀವು ಫೋನಿನಲ್ಲಿ ಹೇಳಿದಿರಿ. ಎರೆಮಣ್ಣಿನ ಮೇಲೆ ಹಾಕಿದ್ದರೆ ಆ ಮಾತನ್ನು ಒಪ್ಪುತ್ತಿದ್ದೆ, ಅಲ್ಲಿ ಕಲ್ಲು ನಿಜವಾಗಿಯೂ ಮಣ್ಣಿಗಿಳಿಯುತ್ತದೆ. ಇಲ್ಲಿ ಕೆಳಗಿರುವುದು ಮೊದಲೇ ರೋಲರ್ ಹೊಡೆದು ಗಟ್ಟಿ ಮಾಡಿದ ಮುರುಮ. ಮೂರೂ ಗುಂಡಿಗಳ ಗೋಡೆಯಲ್ಲಿ ಕಪ್ಪು ಜಲ್ಲಿ ಮುಗಿದು ಕೆಂಪು ಮುರುಮ ಶುರುವಾಗುವ ಗೆರೆ ಚಾಕುವಿನಿಂದ ಕೊಯ್ದಂತೆ ನೆಟ್ಟಗಿದೆ. ಕಲ್ಲು ಇಳಿದಿದ್ದರೆ ಆ ಗೆರೆ ಕಲಸಿ ಹೋಗಿರುತ್ತಿತ್ತು. ಗುಂಡಿಗಳನ್ನು ಮುಚ್ಚಿಲ್ಲ, ಹಲಗೆ ಹೊದಿಸಿ ಇಟ್ಟಿದ್ದೇನೆ, ಬಂದು ನೋಡಬಹುದು.

ನೀವು ಸೂಚಿಸಿದ ಪರಿಹಾರ, ಅಂದರೆ ಕಡಿಮೆಯಾದ 35 ಮಿ.ಮೀ.ಯನ್ನು ಡಾಂಬರಿನಿಂದಲೇ ತುಂಬಿ ಹೆಚ್ಚುವರಿ ಡಾಂಬರಿಗೆ ನಾನು ಹಣ ಕೊಡುವುದು, ನನಗೆ ಒಪ್ಪಿಗೆಯಿಲ್ಲ. ಡಾಂಬರು ದಪ್ಪವಾದರೆ ದಾರಿ ಹಾಳಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಪ್ಪಂದದ 50 ಮಿ.ಮೀ.ಗೆ ಬೇಕಾದದ್ದು 120ನ್ನು 0.05ರಿಂದ, ಮತ್ತೆ ದಮ್ಮಾಸಾದ ಡಾಂಬರಿನ 2.35ರಿಂದ ಗುಣಿಸಿದಾಗ ಬರುವ 14.1 ಟನ್. ನಿಮ್ಮ ದರಪಟ್ಟಿಯಲ್ಲೂ ಅಷ್ಟೇ ಇದೆ. ಡಾಂಬರನ್ನು ಟನ್ನಿನಲ್ಲೇ ಕೊಳ್ಳುವ ಕಾರಣ ಅಲ್ಲಿ ನಿಮ್ಮವರು ತಪ್ಪಲಿಲ್ಲ. ಅದಕ್ಕೆ 35 ಮಿ.ಮೀ. ಸೇರಿಸಿದರೆ ಇನ್ನೂ ಸುಮಾರು 9.9 ಟನ್ ಡಾಂಬರು ಬೇಕು. ಜಲ್ಲಿಯ ಕೊರತೆಯನ್ನು ಅದಕ್ಕಿಂತ ಹಲವು ಪಟ್ಟು ದುಬಾರಿಯಾದ ವಸ್ತುವಿನಿಂದ ನನ್ನ ಹಣದಲ್ಲಿ ತುಂಬಿಸುವುದು ನ್ಯಾಯವಲ್ಲ. ನಿಮ್ಮ ಸಣ್ಣ ರೋಲರ್ 85 ಮಿ.ಮೀ.ಯನ್ನು ಒಂದೇ ಸಲಕ್ಕೆ ತಳದವರೆಗೆ ಒತ್ತಬಲ್ಲದೆಂಬ ನಂಬಿಕೆಯೂ ನನಗಿಲ್ಲ.

ಹಾಗೆಯೇ, ಎರಡು ಬ್ರಾಸ್ ಜಲ್ಲಿಯನ್ನು ತಂದು ಈಗಿರುವ ಪದರದ ಮೇಲೆ ಸುಮ್ಮನೆ ಹರಡಿ ರೋಲರ್ ಹೊಡೆಯುವುದೂ ಬೇಡ. ಈ ಜಲ್ಲಿಯಲ್ಲಿ 40 ಮಿ.ಮೀ.ವರೆಗಿನ ಕಲ್ಲುಗಳಿವೆ. ಪದರ 35 ಮಿ.ಮೀ., ಕಲ್ಲು 40 ಮಿ.ಮೀ. ಆದರೆ ರೋಲರ್ ಭಾರ ಬಿಡಿ ಬಿಡಿ ಕಲ್ಲಿನ ತಲೆಯ ಮೇಲೆ ಬೀಳುತ್ತದೆ, ಕಲ್ಲು ಒಡೆಯುತ್ತದೆ, ಹೊಸ ಪದರ ಹಳೆಯದಕ್ಕೆ ಹಿಡಿಯದೆ ಹಪ್ಪಳದಂತೆ ಮೇಲೆ ಉಳಿಯುತ್ತದೆ. ಆದ್ದರಿಂದ ಈಗಿನ ಪದರದ ಮೇಲಿನ 75 ಮಿ.ಮೀ.ಯನ್ನು ಕೆದಕಿ ಸಡಿಲಿಸಿ, ಅದೇ ಕ್ರಷರಿನ ಅದೇ ಮಿಶ್ರಣದ ಹೊಸ ಜಲ್ಲಿಯನ್ನು ಅದರೊಡನೆ ಕಲಸಿ, ಹದವಾಗಿ ನೀರು ಹಾಕಿ, 110 ಮಿ.ಮೀ.ಯ ಒಂದೇ ಪದರವಾಗಿ ಮತ್ತೆ ದಮ್ಮಾಸು ಮಾಡಬೇಕು.

ಹೊಸ ಜಲ್ಲಿ ಬ್ರಾಸ್ ಲೆಕ್ಕದಲ್ಲಿ ಬೇಡ, ವೇಬ್ರಿಡ್ಜ್ ಚೀಟಿಯೊಂದಿಗೆ ಟನ್ನಿನಲ್ಲಿ ಬರಲಿ. ಕ್ರಷರಿನಲ್ಲಿ ಅಳೆದ ಲಾರಿ ದಾರಿಯ ಗುಂಡಿಗಳಲ್ಲಿ ಕುಲುಕಿ ನಮ್ಮ ಗೇಟಿಗೆ ಬರುವಷ್ಟರಲ್ಲಿ ಒಂದಿಷ್ಟು ಕೂತಿರುತ್ತದೆ, ಆಗ ಬ್ರಾಸ್ ಬಗ್ಗೆ ಮತ್ತೆ ವಾದ ಹುಟ್ಟುತ್ತದೆ. ತೂಕದಲ್ಲಿ ಆ ಗೊಂದಲವಿಲ್ಲ. ಜಲ್ಲಿ ನೀರು ಹಾಕಿಸಿಕೊಂಡು ಬಂದರೆ ಮಾತ್ರ ನೀರಿನ ತೂಕವನ್ನು ಕಳೆಯಬೇಕು. 9.24 ಟನ್ ಒಣ ಜಲ್ಲಿಯ ಲೆಕ್ಕ. ನೂರಕ್ಕೆ ಐದರಷ್ಟು ನೀರಿದ್ದರೆ ಚೀಟಿಯಲ್ಲಿ 9.7 ಟನ್ ಇರಬೇಕು.

ಪೋರ್ಟಿಕೊದ ಹೊಸ್ತಿಲು ಮತ್ತು ಗೇಟಿನ ಕೆಳಗಿನ ಕಬ್ಬಿಣದ ಚಾನಲ್‌ ಎರಡನ್ನೂ ಮುಗಿದ ಡಾಂಬರಿನ ಮಟ್ಟಕ್ಕೆ ಕೂರಿಸಿಯಾಗಿದೆ. ಈಗಿರುವಂತೆ 50 ಮಿ.ಮೀ. ಡಾಂಬರು ಹಾಕಿದರೆ ದಾರಿ 35 ಮಿ.ಮೀ. ತಗ್ಗಿನಲ್ಲಿ ಉಳಿದು, ಮಳೆಯ ನೀರು ಚಾನಲ್ ದಾಟಿ ರಸ್ತೆಗೆ ಹೋಗದೆ ಗೇಟಿನ ಒಳಬದಿಯಲ್ಲೇ ನಿಲ್ಲುತ್ತದೆ. ಪುಣೆಯಲ್ಲಿ ಜೂನ್ ಮೊದಲೆರಡು ವಾರಗಳಲ್ಲಿ ಮಳೆ ಹಿಡಿಯುತ್ತದೆ, ತೆರೆದ ಜಲ್ಲಿಯ ಪುಡಿ ಮೊದಲ ದೊಡ್ಡ ಮಳೆಗೇ ತೊಳೆದು ಹೋಗುತ್ತದೆ. ಆದ್ದರಿಂದ ಈ ಕೆಲಸ ಮೇ ತಿಂಗಳ ಒಳಗೇ ಆಗಬೇಕು.

ಪತ್ರ ತಲುಪಿದ ಏಳು ದಿನಗಳಲ್ಲಿ ಕೊರತೆಯ ಜಲ್ಲಿಯನ್ನು ನಿಮ್ಮ ಖರ್ಚಿನಲ್ಲಿ ತಂದು ಮೇಲೆ ಹೇಳಿದಂತೆ ಕೆಲಸ ಮಾಡಿಸಿಕೊಡಬೇಕೆಂದು ಕೋರುತ್ತೇನೆ. ರೋಲರ್ ಹೊಡೆದ ಮೇಲೆ ನಿಮ್ಮ ಮೇಸ್ತ್ರಿಯ ಎದುರಿನಲ್ಲೇ ಮೂರು ಕಡೆ ತೋಡಿ ಅಳೆಯೋಣ. ಸರಾಸರಿ 150 ಮಿ.ಮೀ. ಬಂದು, ಯಾವ ಗುಂಡಿಯೂ 140ಕ್ಕಿಂತ ಕಡಿಮೆ ಇರದಿದ್ದರೆ ಅಂದೇ ಜಲ್ಲಿ ಕೆಲಸದ ಬಾಕಿ ಹಣವನ್ನು ಕೊಟ್ಟು ಡಾಂಬರಿಗೆ ದಿನ ಗೊತ್ತು ಮಾಡುತ್ತೇನೆ. ಅಲ್ಲಿಯವರೆಗೆ ಬಾಕಿಯನ್ನು ತಡೆಹಿಡಿದಿದ್ದೇನೆ. ದರಪಟ್ಟಿಯ ಪ್ರತಿ, ಲಾರಿಯ ತೂಕದ ಚೀಟಿ ಮತ್ತು ಗುಂಡಿಗಳ ಚಿತ್ರಗಳನ್ನು ಈ ಪತ್ರದೊಂದಿಗೆ ಇಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಮನೆಯ ಮಾಲೀಕರು, ಬಾವಧನ